ಸಾವಿರ ಹೆಸರಿನಲ್ಲಿ ಮಗುವಿಗೆ ಯಾವುದು? ವಿಷ್ಣು, ಲಲಿತಾ, ಶಿವ ಸಹಸ್ರನಾಮಗಳ ಹೋಲಿಕೆ

ಶುಕ್ರವಾರ ಸಂಜೆ ನಮ್ಮ ಬೀದಿಯ ಹತ್ತು ಹದಿನೈದು ಹೆಂಗಸರು ಸೇರಿ ಸಹಸ್ರನಾಮ ಹೇಳುತ್ತೇವೆ. ಹೊಸಬರಿಗೆ ಪದ ಬಿಡಿಸಿ ಹೇಳಿಕೊಡುವ ಕೆಲಸ ನನ್ನದು. ಪಾರಾಯಣ ಮುಗಿದು ಕೋಸಂಬರಿ ಹಂಚುವ ಹೊತ್ತಿಗೆ ಯಾರಾದರೂ ಒಬ್ಬರು ಪಕ್ಕಕ್ಕೆ ಕರೆಯುತ್ತಾರೆ. "ಮಗಳಿಗೆ ಒಂಬತ್ತು ತಿಂಗಳು ತುಂಬ್ತು. ದೇವರ ಹೆಸರೇ ಆಗಬೇಕು, ಆದ್ರೆ ಹಳೇದು ಬೇಡ. ವಿಷ್ಣುವಿನದ್ದರಲ್ಲಿ ಹುಡುಕಲಾ, ಲಲಿತೆಯದರಲ್ಲಾ?" ಕೈಯಲ್ಲಿ ಫೋನ್ ಇರುತ್ತದೆ. ಅದರಲ್ಲಿ ನಲವತ್ತು ಹೆಸರಿನ ಪಟ್ಟಿ. ಆ ಪಟ್ಟಿಯಲ್ಲಿ ಅರ್ಧದಷ್ಟು ಹೆಸರು ಯಾವ ಸಹಸ್ರನಾಮದಲ್ಲೂ ಇರುವುದಿಲ್ಲ. "ವಿಹಾನ್ ವಿಷ್ಣುವಿನ ಹೆಸರಂತೆ" ಎಂದು ಹೇಳಿದವರು ಎಷ್ಟೋ ಜನ. ಸಾವಿರವನ್ನೂ ಓದಿ ನೋಡಿ, ವಿಷ್ಣು ಸಹಸ್ರನಾಮದಲ್ಲಿ ಅದು ಸಿಗುವುದಿಲ್ಲ.

ಅದಕ್ಕೇ ಒಮ್ಮೆ ಪೂರ್ತಿ ಬರೆದಿಡೋಣ ಅನ್ನಿಸಿತು.

ಮೊದಲು ಒಂದು ಮಾತು ಗೊತ್ತಿರಬೇಕು. ವಿಷ್ಣು ಸಹಸ್ರನಾಮ ಮಹಾಭಾರತದ ಅನುಶಾಸನ ಪರ್ವದಲ್ಲಿದೆ. ಭೀಷ್ಮ ಯುಧಿಷ್ಠಿರನಿಗೆ ಹೇಳುವುದು. ಹೆಸರುಗಳನ್ನು ಶುರು ಮಾಡುವ ಮೊದಲು ಭೀಷ್ಮ ಅವುಗಳನ್ನು 'ಗೌಣಾನಿ' ಎಂದು ಕರೆಯುತ್ತಾನೆ. ನಮಗೆ ಇವತ್ತು ಗೌಣ ಅಂದರೆ ಮುಖ್ಯವಲ್ಲದ್ದು. ಅಲ್ಲಿ ಅದರ ಅರ್ಥ ಬೇರೆ: ಗುಣದಿಂದ ಹುಟ್ಟಿದ ಹೆಸರು. ಒಬ್ಬನೇ ದೇವರು, ಆದರೆ ಪ್ರತಿ ಹೆಸರೂ ಅವನನ್ನು ಒಂದೊಂದು ಕಡೆಯಿಂದ ತೋರಿಸುತ್ತದೆ. ಮಧುಸೂದನ ಅಂದರೆ ಅವನು ಮಾಡಿದ ಕೆಲಸ. ಪುಂಡರೀಕಾಕ್ಷ ಅಂದರೆ ಕಣ್ಣಿನ ಚೆಲುವು. ವಾಸವಾನುಜ ಅಂದರೆ ನಂಟು, ಇಂದ್ರನ ತಮ್ಮ. ಅಚ್ಯುತ ಅಂದರೆ ಸ್ವಭಾವ, ಜಾರದವನು. ಶ್ಲೋಕದೊಳಗೆ ಇರುವಾಗ ಹೆಸರಿಗೆ ಅಕ್ಕಪಕ್ಕದ ಹೆಸರುಗಳ ಆಸರೆ ಇರುತ್ತದೆ, ಭಾಷ್ಯದ ಆಸರೆಯೂ ಇರುತ್ತದೆ. ಶಾಲೆಯ ಹಾಜರಿ ಪುಸ್ತಕಕ್ಕೆ ಬಂದಾಗ ಆ ಆಸರೆ ಯಾವುದೂ ಇರುವುದಿಲ್ಲ. ಅಲ್ಲಿ ಗೆಲ್ಲುವುದು ದಿನಬಳಕೆಯ ಕನ್ನಡದ ಅರ್ಥ. 'ಗೌಣ' ಎಂಬ ಪದಕ್ಕೆ ಆದದ್ದೇ ಮಗುವಿನ ಹೆಸರಿಗೂ ಆಗಬಹುದು.

ಆದ್ದರಿಂದ ಯಾವ ಸ್ತೋತ್ರದಿಂದ ಆರಿಸಿದರೂ ನಾನು ನಾಲ್ಕು ವಿಷಯ ನೋಡುತ್ತೇನೆ. ಅದು ಪೂರ್ತಿ ಹೆಸರೋ, ಹೆಸರಿನ ತುಂಡೋ? ಒಂಟಿಯಾಗಿ ನಿಂತಾಗ ಕನ್ನಡದ ಕಿವಿಗೆ ಏನು ಕೇಳಿಸುತ್ತದೆ? ಮನೆಯಲ್ಲಿ ಕೂಗುವಾಗ ಅದು ಏನಾಗುತ್ತದೆ? ಕೊನೆಯದು, ನಿಮ್ಮ ಮನೆಯಲ್ಲಿ ನಕ್ಷತ್ರದ ಅಕ್ಷರ ನೋಡುವ ರೂಢಿ ಇದ್ದರೆ ಆ ಅಕ್ಷರ ಸಿಗುತ್ತದೆಯೇ?

ಮೊದಲನೆಯದರಲ್ಲೇ ಜಾಸ್ತಿ ಜನ ಎಡವುವುದು. ಅದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

'ಅನಿರುದ್ಧೋಽಪ್ರತಿರಥಃ ಪ್ರದ್ಯುಮ್ನೋಽಮಿತವಿಕ್ರಮಃ' ಎಂದು ಒಂದು ಸಾಲಿದೆ. ನಡುವೆ ಇರುವ ಆ ಬಾಗಿದ ಗುರುತು ಅವಗ್ರಹ. ಅಲ್ಲೊಂದು 'ಅ' ನುಂಗಿ ಹೋಗಿದೆ ಎಂದು ಅರ್ಥ. ಎಷ್ಟೋ ಅಗ್ಗದ ಪುಸ್ತಕಗಳಲ್ಲಿ ಆ ಗುರುತೇ ಅಚ್ಚಾಗಿರುವುದಿಲ್ಲ. ಆಗ 'ಪ್ರತಿರಥ' ಎಂದು ಓದುತ್ತೀರಿ. ಪ್ರತಿರಥ ಅಂದರೆ ಎದುರಾಳಿ. ನಿಜವಾದ ಹೆಸರು ಅಪ್ರತಿರಥ, ಎದುರು ನಿಲ್ಲುವವರೇ ಇಲ್ಲದವನು. ನೋಡಿ, ಒಂದು 'ಅ' ಬಿಟ್ಟುಹೋದರೆ ದೇವರು ಹೋಗಿ ಶತ್ರು ಬಂದ.

ಇನ್ನೊಂದು ಬಗೆಯ ತುಂಡು 'ತೇಜಸ್'. ಚೆಂದದ ಹೆಸರು, ಇಡಬಾರದು ಅನ್ನುತ್ತಿಲ್ಲ. ಆದರೆ ವಿಷ್ಣು ಸಹಸ್ರನಾಮದಲ್ಲಿ ಇರುವುದು 'ಓಜಸ್ತೇಜೋದ್ಯುತಿಧರಃ' ಎಂದು. ಸಾಮಾನ್ಯವಾಗಿ ಅದನ್ನು ಒಂದೇ ಹೆಸರೆಂದು ಎಣಿಸುತ್ತಾರೆ. ಓಜಸ್ಸು, ತೇಜಸ್ಸು, ಕಾಂತಿ ಮೂರನ್ನೂ ಧರಿಸಿದವನು ಎಂದು. ತೇಜಸ್ ಅಲ್ಲಿ ದೇವರ ಹೆಸರಲ್ಲ, ದೇವರ ಹತ್ತಿರ ಇರುವ ವಸ್ತು.

ಇದನ್ನೆಲ್ಲ ವ್ಯಾಕರಣ ಓದದೆ ಕಂಡುಹಿಡಿಯುವ ಸುಲಭ ದಾರಿ ಇದೆ. ಸ್ತೋತ್ರ ಬಿಡಿ, ನಾಮಾವಳಿ ತೆಗೆಯಿರಿ. ಅರ್ಚನೆಗೆ ಹೇಳುವ, 'ಓಂ' ಮತ್ತು 'ನಮಃ' ಇರುವ ಪಟ್ಟಿ. ಅಲ್ಲಿ ಪ್ರತಿ ಹೆಸರೂ ಬಿಡಿಬಿಡಿಯಾಗಿ ನಿಂತಿರುತ್ತದೆ: ಓಂ ಅಪ್ರತಿರಥಾಯ ನಮಃ. ಅಷ್ಟೇ ಅಲ್ಲ, ಗಂಡು ಹೆಸರೋ ಹೆಣ್ಣು ಹೆಸರೋ ಅಂತಲೂ ತಿಳಿಯುತ್ತದೆ. ಹೆಚ್ಚಿನ ಗಂಡು ಹೆಸರು 'ಆಯ' ಎಂದು ಮುಗಿಯುತ್ತದೆ, ಹೆಣ್ಣು ಹೆಸರು 'ಯೈ' ಎಂದು. 'ರವಿರ್ವಿರೋಚನಃ ಸೂರ್ಯಃ ಸವಿತಾ ರವಿಲೋಚನಃ' ಎಂಬ ಸಾಲಿನಲ್ಲಿ ಸವಿತಾ ಇದ್ದಾಳೆ ಎಂದು ನೀವು ಅಂದುಕೊಂಡಿದ್ದರೆ ನಾಮಾವಳಿ ನೋಡಿ. ಅಲ್ಲಿ 'ಸವಿತ್ರೇ ನಮಃ' ಎಂದಿರುತ್ತದೆ, 'ಸವಿತಾಯೈ' ಎಂದಲ್ಲ. ಆ ಸವಿತಾ ಸೂರ್ಯ, ಗಂಡಸು. ನಮ್ಮೂರುಗಳ ಸವಿತಕ್ಕಂದಿರು ಬೇಜಾರು ಮಾಡಿಕೊಳ್ಳಬೇಕಿಲ್ಲ. ಕನ್ನಡದಲ್ಲಿ 'ಆ' ಕೊನೆಗೆ ಬಂದರೆ ಹೆಣ್ಣಿನ ಹೆಸರು ಅನ್ನಿಸುತ್ತದೆ, ಅದು ನಮ್ಮ ಭಾಷೆಯ ರೂಢಿ. ಅಲ್ವಾ?

ಈಗ ಒಂದೊಂದಾಗಿ ನೋಡೋಣ.

ವಿಷ್ಣು ಸಹಸ್ರನಾಮ: ಬಳಕೆಯ ಹೆಸರುಗಳು

ಸುರಕ್ಷಿತ ಆಯ್ಕೆ ಬೇಕು ಅನ್ನುವವರಿಗೆ ಕೇಶವಾದಿ ಇಪ್ಪತ್ತನಾಲ್ಕು ಹೆಸರು ಇದ್ದೇ ಇವೆ. ಕೇಶವ, ನಾರಾಯಣ, ಮಾಧವ, ಗೋವಿಂದ ಎಂದು ಶುರುವಾಗಿ ಶ್ರೀಕೃಷ್ಣದವರೆಗೆ, ಸಂಧ್ಯಾವಂದನೆಯಲ್ಲಿ ಹೇಳುವ ಹೆಸರುಗಳು. ಒಬ್ಬನೇ ದೇವರಿಗೆ ಇಷ್ಟು ಹೆಸರು ಯಾಕೆ ಎಂದು ಮಕ್ಕಳು ಕೇಳಿದರೆ ಹೊಯ್ಸಳರ ಗುಡಿಗೆ ಕರೆದುಕೊಂಡು ಹೋಗಿ. ವಿಷ್ಣುವಿನ ನಿಂತ ಮೂರ್ತಿಗಳು ಮೊದಲ ನೋಟಕ್ಕೆ ಎಲ್ಲ ಒಂದೇ ಥರ. ನಾಲ್ಕು ಕೈ, ಶಂಖ, ಚಕ್ರ, ಗದೆ, ಪದ್ಮ. ಆದರೆ ಯಾವ ಕೈಯಲ್ಲಿ ಯಾವುದು ಎಂಬುದು ಬದಲಾಗುತ್ತದೆ. ನಾಲ್ಕು ವಸ್ತುಗಳನ್ನು ನಾಲ್ಕು ಕೈಯಲ್ಲಿ ಇಪ್ಪತ್ತನಾಲ್ಕು ರೀತಿ ಜೋಡಿಸಬಹುದು. ಒಂದೊಂದು ಜೋಡಣೆಗೆ ಒಂದೊಂದು ಹೆಸರು. ಸೋಮನಾಥಪುರದಲ್ಲಿ ಕೇಶವನಿಗೆ ಒಂದು ಗರ್ಭಗುಡಿ, ಜನಾರ್ದನನಿಗೆ ಇನ್ನೊಂದು. ಇಬ್ಬರೂ ಅವನೇ.

ಇವುಗಳ ಲಾಭ ಏನೆಂದರೆ ಯಾರಿಗೂ ಅರ್ಥ ಹೇಳಬೇಕಿಲ್ಲ, ಯಾರೂ ತಪ್ಪು ಬರೆಯುವುದಿಲ್ಲ. ತಿಂಗಳಿನ ಲೆಕ್ಕಕ್ಕೂ ಒದಗುತ್ತವೆ. ಮಾರ್ಗಶಿರಕ್ಕೆ ಕೇಶವ, ಪುಷ್ಯಕ್ಕೆ ನಾರಾಯಣ ಎಂದು ಮೊದಲ ಹನ್ನೆರಡು ಹೆಸರು ಹನ್ನೆರಡು ಮಾಸಕ್ಕೆ ಬರುತ್ತವೆ. ಕಾರ್ತಿಕದಲ್ಲಿ ಹುಟ್ಟಿದ ಹುಡುಗನಿಗೆ ದಾಮೋದರ. ನಷ್ಟ ಏನೆಂದರೆ ಹೆಸರು ಕೇಳಿದ ಕೂಡಲೇ ಅಜ್ಜನ ನೆನಪು ಬರುತ್ತದೆ. ಜೊತೆಗೆ, ನಾರಾಯಣ ಎಂದು ಇಟ್ಟವರು ನಾಣಿ ಎಂದು ಕೂಗಲು, ದಾಮೋದರ ಎಂದು ಇಟ್ಟವರು ದಾಮು ಎಂದು ಕೂಗಲು ತಯಾರಿರಬೇಕು.

ಹಳತೂ ಅಲ್ಲ, ತೀರಾ ಅಪರೂಪವೂ ಅಲ್ಲ ಎನ್ನುವಂಥದ್ದು ಬೇಕಾದರೆ 'ಶ್ರೀ'ಯ ಸಾಲುಗಳಿಗೆ ಹೋಗಿ. ಸಾಲಾಗಿ ಶ್ರೀವಾಸ, ಶ್ರೀಪತಿ, ಶ್ರೀಶ, ಶ್ರೀನಿವಾಸ, ಶ್ರೀನಿಧಿ, ಶ್ರೀಧರ, ಶ್ರೀಕರ ಸಿಗುತ್ತವೆ. ಹೆಚ್ಚಿನವು ಲಕ್ಷ್ಮಿಗೂ ಅವನಿಗೂ ಇರುವ ಸಂಬಂಧದ ಹೆಸರುಗಳು: ಒಂದರಲ್ಲಿ ಅವಳ ಗಂಡ, ಇನ್ನೊಂದರಲ್ಲಿ ಅವಳ ಮನೆ, ಮತ್ತೊಂದರಲ್ಲಿ ಅವಳನ್ನು ಹೊತ್ತವನು. ಅದೇ ಸಾಲಿನ 'ಶ್ರೇಯಃ' ನಮ್ಮಲ್ಲಿ ಶ್ರೇಯಸ್ ಆಗಿದೆ. ವಿಸರ್ಗದ ಜಾಗಕ್ಕೆ 'ಸ್' ಬಂದದ್ದು ತಪ್ಪಲ್ಲ, ಮೂಲ ಪದವೇ ಶ್ರೇಯಸ್. ಶ್ರೀನಿಧಿ ಇಟ್ಟರೆ ಒಂದು ಎಚ್ಚರ: ಈಗ ಅದನ್ನು ಹುಡುಗಿಯರಿಗೂ ಇಡುತ್ತಾರೆ. ಅರ್ಜಿಯಲ್ಲಿ ಗಂಡೋ ಹೆಣ್ಣೋ ಎಂದು ಎರಡೆರಡು ಸಲ ಕೇಳುತ್ತಾರೆ.

ವಿಷ್ಣು ಸಹಸ್ರನಾಮ: ಅಪರೂಪದ ಹೆಸರುಗಳು

ಹೊಸ ತಂದೆ ತಾಯಿಗೆ ಆಸೆ ಇರುವುದು ಇಲ್ಲೇ. ಸಿಗುವುದೂ ಹೌದು. ಅನಘ, ಅತುಲ, ಅಶೋಕ, ಶಾಶ್ವತ, ರೋಹಿತ, ಸಿದ್ಧಾರ್ಥ, ವಿಕ್ರಮ ಎಲ್ಲವೂ ಅಲ್ಲೇ ಇವೆ. ಇವಕ್ಕೆ ಹೆದರಬೇಕಿಲ್ಲ. ಹೆದರಬೇಕಾದದ್ದು ಅರ್ಥ ತಿರುಗಿಬೀಳುವ ಹೆಸರುಗಳಿಗೆ.

'ಅರ್ಥೋಽನರ್ಥೋ ಮಹಾಕೋಶೋ' ಎಂದಿದೆ. ಅನರ್ಥ ಎಂಬುದು ವಿಷ್ಣುವಿನ ಹೆಸರು. ಬೇಕಾದದ್ದೆಲ್ಲ ಆಗಲೇ ಇರುವುದರಿಂದ ಅವನಿಗೆ ಬೇಡುವ ಅರ್ಥ ಯಾವುದೂ ಉಳಿದಿಲ್ಲ ಎಂದು ಶಂಕರರ ಭಾಷ್ಯ. ಸರಿ. ಆದರೆ ಮಗನಿಗೆ ಅನರ್ಥ ಎಂದು ಇಡುತ್ತೀರಾ? ಇನ್ನೊಂದು ಕಡೆ 'ವೀರಹಾ ವಿಷಮಃ ಶೂನ್ಯೋ' ಎಂದು ಬರುತ್ತದೆ. ವಿಷಮ ಅಂದರೆ ಸಮಾನರಿಲ್ಲದವನು, ಶೂನ್ಯ ಅಂದರೆ ಗುಣಗಳ ಅಂಟಿಲ್ಲದವನು. ಪರೀಕ್ಷೆಯ ಫಲಿತಾಂಶದ ದಿನ ಶೂನ್ಯ ಎಂಬ ಹುಡುಗನ ಪಾಡು ಯೋಚಿಸಿ.

ಇವು ಯಾರಿಗಾದರೂ ಗೊತ್ತಾಗುತ್ತವೆ, ಹಾಗಾಗಿ ಅಪಾಯ ಕಡಿಮೆ. ಸದ್ದಿಲ್ಲದೆ ಒಳಗೆ ಬರುವುದು 'ನೇಯೋ ನಯೋಽನಯಃ' ಥರದ್ದು. ನಯ ಒಂದು ಹೆಸರು, ಅನಯ ಇನ್ನೊಂದು. ಈಗ ಹೆಣ್ಣುಮಕ್ಕಳಿಗೆ ಅನಯಾ ಎಂದು ಇಡುತ್ತಿದ್ದಾರೆ, ಕೇಳಲು ಇಂಪಾಗಿದೆ. ಸಹಸ್ರನಾಮದಲ್ಲಿ ಅದರ ಅರ್ಥ, ತನ್ನನ್ನು ನಡೆಸುವ ಇನ್ನೊಬ್ಬ ನಾಯಕನಿಲ್ಲದವನು. ಭಾಷ್ಯ ಬಿಟ್ಟು ಬರೀ ನಿಘಂಟು ತೆಗೆದರೆ ಅನಯ ಅಂದರೆ ಕೆಟ್ಟ ನಡತೆ, ನೀತಿಗೆಟ್ಟದ್ದು. ನನ್ನ ಅಭಿಪ್ರಾಯ ಕೇಳಿದರೆ, ಇಡಬಹುದು. ಕನ್ನಡದಲ್ಲಿ ಅನಯ ಎಂಬ ಪದ ಬಳಕೆಯಲ್ಲಿಲ್ಲ, ಯಾರೂ ಚುಡಾಯಿಸುವುದಿಲ್ಲ. ಆದರೆ ಅರ್ಥ ಕೇಳಿದವರಿಗೆ ಏನು ಹೇಳಬೇಕೆಂದು ಮಗಳಿಗೆ ಗೊತ್ತಿರಲಿ.

ಅಪರೂಪದ ಹೆಸರಿನ ಖರ್ಚು ಇದೇ: ಬದುಕಿಡೀ ವಿವರಣೆ ಕೊಡುತ್ತಿರಬೇಕು.

ಲಲಿತಾ ಸಹಸ್ರನಾಮ

ಹೆಣ್ಣುಮಗುವಿಗೆ ಇದಕ್ಕಿಂತ ದೊಡ್ಡ ಖಜಾನೆ ಬೇರೆ ಇಲ್ಲ. ಬ್ರಹ್ಮಾಂಡ ಪುರಾಣದ ಭಾಗ. ಹಯಗ್ರೀವ ಅಗಸ್ತ್ಯನಿಗೆ ಉಪದೇಶಿಸುವುದು. ಒಂದೇ ಸಾಲು ನೋಡಿ: 'ಸ್ವಾಹಾ ಸ್ವಧಾಽಮತಿರ್ಮೇಧಾ ಶ್ರುತಿಃ ಸ್ಮೃತಿರನುತ್ತಮಾ'. ಮೇಧಾ, ಶ್ರುತಿ, ಸ್ಮೃತಿ, ಒಂದು ತರಗತಿಯ ಮುಂದಿನ ಬೆಂಚೇ ತುಂಬಿತು. ಇನ್ನೊಂದು ಕಡೆ ವಿಜಯಾ, ವಿಮಲಾ. ಮತ್ತೊಂದು ಕಡೆ ಮಾಲಿನೀ, ನಲಿನೀ, ಶೋಭನಾ. ಅಪರ್ಣಾ, ನಿರಂಜನಾ, ಅನಘಾ ಬೇರೆ.

ತೊಂದರೆ ಎರಡು. ಉದ್ದನೆಯ ಸಮಾಸಗಳು ಜಾಸ್ತಿ. 'ಚಂಪಕಾಶೋಕಪುನ್ನಾಗಸೌಗಂಧಿಕಲಸತ್ಕಚಾ' ಎಂಬುದು ಒಂದೇ ಹೆಸರು. ಅದರಿಂದ ಚಂಪಕಾ ಎಂದು ಕಿತ್ತುಕೊಂಡರೆ ಸಿಗುವುದು ದೇವಿಯಲ್ಲ, ದೇವಿಯ ಮುಡಿಯಲ್ಲಿದ್ದ ಹೂವು. ಅದರಲ್ಲಿ ತಪ್ಪೇನಿಲ್ಲ, ಹೂವಿನ ಹೆಸರು ಇಟ್ಟಿದ್ದೇವೆ ಎಂದು ಗೊತ್ತಿದ್ದರೆ ಸಾಕು. ಆದರೆ 'ಕಾದಂಬರೀಪ್ರಿಯಾ'ದಿಂದ ಕಾದಂಬರಿ ತೆಗೆಯುವ ಮೊದಲು ಯೋಚಿಸಿ. ಅಲ್ಲಿ ಕಾದಂಬರಿ ಅಂದರೆ ನಾವು ಓದುವ ಕಾದಂಬರಿ ಅಲ್ಲ, ಒಂದು ಬಗೆಯ ಮದ್ಯ.

ಎರಡನೆಯದು, ಇಲ್ಲೂ ನುಂಗಿದ 'ಅ'. ಮೇಲಿನ ಸಾಲಿನಲ್ಲಿ 'ಸ್ವಧಾಽಮತಿಃ' ಎಂದಿರುವಲ್ಲಿ ಸಂಪ್ರದಾಯದ ಪಾಠ ಅಮತಿ, ಮತಿ ಅಲ್ಲ. ಇದಕ್ಕಿಂತ ಸೊಗಸಾದದ್ದು 'ಸ್ವರ್ಣಗರ್ಭಾಽವರದಾ'. ವರದಾ ಎಂದೇ ಬಿಡಿಸಬಹುದಿತ್ತು. ಆದರೆ ವರದಾ ಎಂಬ ಹೆಸರು ಮೊದಲೇ ಒಂದು ಕಡೆ ಬಂದುಹೋಗಿದೆ. ಲಲಿತಾ ಸಹಸ್ರನಾಮದಲ್ಲಿ ಒಂದು ಹೆಸರು ಎರಡು ಸಲ ಬರುವುದಿಲ್ಲ ಎಂದು ಸಂಪ್ರದಾಯ. ಹಾಗಾಗಿ ಇಲ್ಲಿ ಅವರದಾ ಎಂದೇ ಬಿಡಿಸುತ್ತಾರೆ. ವಿಷ್ಣು ಸಹಸ್ರನಾಮದಲ್ಲಿ ಈ ಕಟ್ಟು ಇಲ್ಲ. ವಾಸುದೇವ ಅಲ್ಲಿ ಮೂರು ಸಲ ಬರುತ್ತಾನೆ, ಪ್ರತಿ ಸಲವೂ ಬೇರೆ ಅರ್ಥ ಹೇಳುತ್ತಾರೆ. ಅಂದರೆ ವರದಾ ಎಂದು ಇಡುವವರು ಧೈರ್ಯವಾಗಿ ಇಡಬಹುದು. ಮೊದಲು ಬಂದ ಜಾಗದ ಹೆಸರು ಅದು ಎಂದುಕೊಂಡರಾಯಿತು.

ಒಂದು ಹೆಸರಿನ ಬಗ್ಗೆ ಮಾತ್ರ ನಾನು ಬೇಡವೇ ಬೇಡ ಅನ್ನುತ್ತೇನೆ. ನನ್ನ ಸೋದರತ್ತೆಯ ಮೊಮ್ಮಗಳಿಗೆ ವಂದ್ಯಾ ಎಂದು ಇಟ್ಟರು. 'ವಿಜಯಾ ವಿಮಲಾ ವಂದ್ಯಾ' ಎಂದು ಸ್ತೋತ್ರದಲ್ಲೇ ಇದೆ. ನಮಸ್ಕಾರಕ್ಕೆ ಯೋಗ್ಯಳು ಎಂದು ಅರ್ಥ. ಶಾಲೆಗೆ ಸೇರಿಸುವಾಗ ಅಲ್ಲಿಯವರು ಕನ್ನಡದಲ್ಲಿ ಬೆರಳಚ್ಚು ಮಾಡಿ ಕೊಟ್ಟ ಚೀಟಿಯಲ್ಲಿ 'ವಂಧ್ಯಾ' ಎಂದಿತ್ತು. 'ದ'ಗೆ ಒಂದು ಹೊಟ್ಟೆ ಸೀಳು ಜಾಸ್ತಿ, ಅಷ್ಟೇ. ವಂಧ್ಯಾ ಅಂದರೆ ಬಂಜೆ. ಅತ್ತೆ ಅದನ್ನು ಓದಿ ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟರು. ತಿದ್ದಿಸುವುದಕ್ಕೆ ಮೂರು ಸಲ ಓಡಾಡಬೇಕಾಯಿತು. ಮಾತಿನಲ್ಲಿ ನಾವು ಅಲ್ಪಪ್ರಾಣ ಮಹಾಪ್ರಾಣ ಎಷ್ಟು ಸರಿಯಾಗಿ ಹೇಳುತ್ತೇವೆ ಎಂಬುದು ಎಲ್ಲರಿಗೂ ಗೊತ್ತು. ಆ ಒಂದು ಅಕ್ಷರದ ಮೇಲೆ ಅರ್ಥ ನಿಂತಿದ್ದರೆ ಆ ಹೆಸರು ಬಿಡಿ.

ಶಿವ ಸಹಸ್ರನಾಮ

ಶಿವನಿಗೆ ಒಂದಲ್ಲ, ಹಲವು ಸಹಸ್ರನಾಮಗಳಿವೆ. ಹೆಸರು ಆರಿಸುವಾಗ ಯಾವ ಪುಸ್ತಕದ್ದು ಎಂದು ಕೇಳಿಕೊಳ್ಳಿ. ಮಹಾಭಾರತದಲ್ಲಿರುವುದು 'ಸ್ಥಿರಃ ಸ್ಥಾಣುಃ' ಎಂದು ಶುರುವಾಗುತ್ತದೆ. ಇದರಲ್ಲಿ ಮಗುವಿಗೆ ಇಡಲಾಗದ ಹೆಸರುಗಳು ಹೆಚ್ಚು. ಶ್ಮಶಾನವಾಸೀ, ಜಟೀ, ಚರ್ಮೀ. ಶಿವನ ಸ್ವಭಾವವೇ ಹಾಗೆ, ಯಾರೂ ಬೇಡ ಎಂದದ್ದನ್ನು ಅವನು ತೆಗೆದುಕೊಂಡ. ಪದ ಬಿಡಿಸುವಾಗ ನಡುವೆ ಬರುವ 'ಚ' ಬಿಟ್ಟುಬಿಡಿ. 'ಹರಶ್ಚ' ಎಂಬುದು ಹೆಸರಲ್ಲ, 'ಹರನೂ' ಎಂದಷ್ಟೇ.

ಶಿವನ ಹೆಸರು ಬೇಕು ಅನ್ನುವವರಿಗೆ ನಾನು ಸಹಸ್ರನಾಮಕ್ಕಿಂತ ಮೊದಲು ಊರ ದೇವರನ್ನು ತೋರಿಸುತ್ತೇನೆ. ಕನ್ನಡ ಈ ಹೆಸರುಗಳನ್ನು ಸಾಲ ತಂದು ಸುಮ್ನೆ ಇಟ್ಟುಕೊಳ್ಳಲಿಲ್ಲ, ತನ್ನದನ್ನೂ ಕಟ್ಟಿತು. ವಿಷ ಕುಡಿದು ಕೊರಳು ಕಪ್ಪಾದ ನೀಲಕಂಠ ನಮ್ಮಲ್ಲಿ ನಂಜುಂಡ. ಮೂರು ಕಣ್ಣಿನವನು ಮುಕ್ಕಣ್ಣ. ಮಹಾದೇವ ಮಾದಪ್ಪ. ವಿಷ್ಣುವಿನ ಕಡೆಯಲ್ಲಿ ಬೇಲೂರಿನ ಚೆನ್ನಕೇಶವನೂ ಹೀಗೇ. ಚೆನ್ನ ನಮ್ಮದು, ಕೇಶವ ಸಂಸ್ಕೃತದ್ದು. ನಂಜನಗೂಡಿನ ದೇವರಿಗೆ ಶ್ರೀಕಂಠೇಶ್ವರ ಎಂದೂ ಹೆಸರು. ಶ್ರೀಕಂಠ ಎಂದು ಇಟ್ಟವರು ಒಂದು ಕಷ್ಟಕ್ಕೆ ತಯಾರಿರಿ: ಅರ್ಧ ಜನ ಶ್ರೀಕಾಂತ ಎಂದು ಬರೆಯುತ್ತಾರೆ. ಒಂದು ದೀರ್ಘ ಬಂದು 'ಠ' ಹೋಗಿ 'ತ' ಆದರೆ ಶಿವ ಹೋಗಿ ಲಕ್ಷ್ಮಿಯ ಗಂಡ ಬರುತ್ತಾನೆ.

ಶಿವನಿಗೆ ನಡೆದುಕೊಳ್ಳುವ ಮನೆ, ಸೊಸೆ ವೈಷ್ಣವರ ಕಡೆಯವಳು, ಎರಡೂ ಕಡೆಯವರು ಒಪ್ಪಬೇಕು ಎಂಬ ಪರಿಸ್ಥಿತಿ ಇದ್ದರೆ ವಿಷ್ಣು ಸಹಸ್ರನಾಮವೇ ಸಹಾಯಕ್ಕೆ ಬರುತ್ತದೆ. 'ಸರ್ವಃ ಶರ್ವಃ ಶಿವಃ ಸ್ಥಾಣುಃ' ಎಂದು ಮೊದಲಲ್ಲೇ ಇದೆ. ಶಂಭು, ರುದ್ರ, ಈಶಾನ ಕೂಡ ಅಲ್ಲಿದ್ದಾರೆ. ಲಲಿತಾ ಸಹಸ್ರನಾಮದಲ್ಲಿ ವೈಷ್ಣವೀ ಇದ್ದಾಳೆ, ಗೋವಿಂದರೂಪಿಣೀಯೂ ಇದ್ದಾಳೆ. ಜಗಳಕ್ಕೆ ಅಲ್ಲಿ ಜಾಗ ಕಡಿಮೆ.

ಒಂದು ಮನೆಯ ಲೆಕ್ಕ

ಹೋದ ವರ್ಷ ನನ್ನ ತಂಗಿಯ ಮಗಳಿಗೆ ಗಂಡು ಮಗು ಆಯಿತು. ರೋಹಿಣಿ ನಕ್ಷತ್ರ, ಎರಡನೇ ಪಾದ. ರೋಹಿಣಿಯ ಅಕ್ಷರಗಳು ಓ, ವಾ, ವೀ, ವೂ. ಎರಡನೇ ಪಾದಕ್ಕೆ 'ವಾ'. ಅದೃಷ್ಟ ಚೆನ್ನಾಗಿತ್ತು ಅನ್ನಿ. ಹಸ್ತ ನಕ್ಷತ್ರದ ಮೂರನೇ ಪಾದದ ಅಕ್ಷರ 'ಣ'. ಅದರಿಂದ ಶುರುವಾಗುವ ಹೆಸರು ಎಲ್ಲಿಂದ ತರುವುದು? ಅಂಥವರು ಅದೇ ನಕ್ಷತ್ರದ ಇನ್ನೊಂದು ಅಕ್ಷರಕ್ಕೆ ಹೋಗುತ್ತಾರೆ, ಇಲ್ಲವೆ ನಕ್ಷತ್ರದ ಹೆಸರೊಂದು, ಕರೆಯುವ ಹೆಸರೊಂದು ಎಂದು ಬೇರೆ ಬೇರೆ ಇಡುತ್ತಾರೆ.

ವಿಷ್ಣುವಿನ ನಾಮಾವಳಿ ಹಿಡಿದು ಕೂತೆವು. 'ವಾ' ಇರುವವು ನಮ್ಮ ಕಣ್ಣಿಗೆ ಬಿದ್ದದ್ದು ಇವು: ವಾಮನ, ವಾಚಸ್ಪತಿ, ವಾಸುದೇವ, ವಾಗ್ಮೀ, ವಾಯುವಾಹನ, ವಾಸವಾನುಜ, ವಾರುಣ, ವಾಯು. ವಾಯುವಾಹನ ಬಸ್ಸಿನ ಹೆಸರಿನ ಹಾಗಿದೆ ಎಂದು ಅಳಿಯ ತೆಗೆದುಹಾಕಿದ. ವಾಸವಾನುಜಕ್ಕೆ ಪ್ರತಿ ಸಲ ಇಂದ್ರನ ತಮ್ಮ ಎಂದು ಹೇಳುತ್ತಾ ಕೂರಬೇಕು. ವಾಮನ ನನಗೆ ಇಷ್ಟವಿತ್ತು. ಆದರೆ ಹುಡುಗ ಗಿಡ್ಡ ಆದರೆ ಕುಳ್ಳ ಎನ್ನುತ್ತಾರೆ, ಎತ್ತರ ಆದರೆ ಹೆಸರು ನೋಡಿ ನಗುತ್ತಾರೆ ಎಂದಳು ತಂಗಿ. ವಾರುಣವನ್ನು ಎಲ್ಲರೂ ವರುಣ ಎಂದೇ ಬರೆಯುತ್ತಾರೆ. ವಾಗ್ಮೀ ಅಂದರೆ ಚೆನ್ನಾಗಿ ಮಾತಾಡುವವನು. ಕನ್ನಡದಲ್ಲಿ ಅದು ಭಾಷಣಕಾರರಿಗೆ ಹೇಳುವ ಪದ, ಹೆಸರು ಅನ್ನಿಸುವುದೇ ಇಲ್ಲ.

ಮಗುವಿನ ತಾಯಿಗೆ ಮನಸ್ಸು ವಾಚಸ್ಪತಿಯ ಮೇಲೆ ಹೋಯಿತು. ಅರ್ಥ ಒಳ್ಳೆಯದು, ಮಾತಿಗೆ ಒಡೆಯ. ತುಂಡಲ್ಲ, ಪೂರ್ತಿ ಹೆಸರು. ಯಾರ ಮನೆಯಲ್ಲೂ ಇಲ್ಲ. ಒಂದು ದಿನ ಪೂರ್ತಿ ಮನೆಯವರೆಲ್ಲ ಅದೇ ಹೆಸರಿನಿಂದ ಮಗುವನ್ನು ಕರೆಯಲಿ ಎಂದೆ. ಇದನ್ನು ನಾನು ಎಲ್ಲರಿಗೂ ಮಾಡಿಸುತ್ತೇನೆ. ಮಧ್ಯಾಹ್ನದೊಳಗೆ ವಾಚಸ್ಪತಿ 'ವಾಚು' ಆಯಿತು. ಸಂಜೆ ಪಕ್ಕದ ಮನೆಯ ಹುಡುಗ ಬಂದು "ಆಂಟಿ, ವಾಚು ಟೈಮ್ ಎಷ್ಟು ತೋರಿಸ್ತಿದೆ?" ಎಂದ.

ಕೊನೆಗೆ ಉಳಿದದ್ದು ವಾಸುದೇವ. ಹಳೆಯದು, ಮೂರು ಸಲ ಬಂದದ್ದು, ಕೂಗುವಾಗ ವಾಸು. ಜನನ ನೋಂದಣಿ ಹೆಸರಿಲ್ಲದೆಯೇ ಆ ಮೊದಲೇ ಆಗಿತ್ತು. ಹನ್ನೆರಡು ತಿಂಗಳೊಳಗೆ ಹೆಸರು ಸೇರಿಸಲು ಶುಲ್ಕ ಇಲ್ಲ, ಹಾಗಾಗಿ ಅವಸರ ಮಾಡಬೇಡಿ ಎಂದು ನಾನೇ ಹೇಳಿದ್ದೆ. ನಾಮಕರಣದ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ ಅಳಿಯ ಉಂಗುರದಿಂದ ವಾಸುದೇವ ಎಂದು ಬರೆದ. ಅವನ ತಾಯಿಯ ಮನೆದೇವರು ನಂಜನಗೂಡು. ಆಕೆ ತಟ್ಟೆಯ ಅಂಚಿನಲ್ಲಿ ಉಳಿದ ಜಾಗ ನೋಡಿ, "ಇಲ್ಲೊಂದು ನಂಜುಂಡ ಅಂತಲೂ ಬರೀಪ್ಪಾ" ಎಂದರು. ಅದನ್ನೂ ಬರೆದ.